ಸಂದರ್ಶನದ ನಡುವೆ ಕರೆ ಕಡಿದರೆ ಮತ್ತೆ ಯಾರು ಕರೆ ಮಾಡಬೇಕು?

ಪ್ರಶ್ನೆ: ಮುಂದಿನ ವಾರ ನನಗೆ ವೀಡಿಯೊ ಕರೆಯಲ್ಲಿ ಉದ್ಯೋಗ ಸಂದರ್ಶನವಿದೆ. ನಾನಿರುವಲ್ಲಿ ಮೊಬೈಲ್ ನೆಟ್‌ವರ್ಕ್ ಬಿಟ್ಟು ಬೇರೆ ಗತಿಯಿಲ್ಲ. ಅದೂ ಒಮ್ಮೆ ಎರಡು ಗೆರೆ, ಒಮ್ಮೆ ಒಂದೇ. ಕಳೆದ ಬಾರಿ ಫೋನಿನಲ್ಲೇ ಸಂದರ್ಶನ ನಡೆದಾಗ ನಡುವೆ ಕರೆ ಕಡಿದುಹೋಯಿತು. ನಾನು ಮತ್ತೆ ಮತ್ತೆ ಕರೆ ಮಾಡಿದೆ, ಅವರ ಫೋನ್ ಬಿಜಿ ಎಂದೇ ಬರುತ್ತಿತ್ತು. ಕೊನೆಗೆ ಸಿಕ್ಕಾಗ ಏನು ಹೇಳುತ್ತಿದ್ದೆ ಎಂಬುದೇ ಮರೆತುಹೋಗಿತ್ತು. ಹೀಗಾದಾಗ ನಾನೇ ಕರೆ ಮಾಡಬೇಕೇ, ಅವರು ಮಾಡುವವರೆಗೆ ಕಾಯಬೇಕೇ?

ಉತ್ತರ: ಅವರ ಫೋನ್ ಬಿಜಿ ಇದ್ದದ್ದು ಬಹುಮಟ್ಟಿಗೆ ನಿಮ್ಮಿಂದಲೇ. ನೀವು ಅವರಿಗೆ ಕರೆ ಮಾಡುತ್ತಿದ್ದ ಹೊತ್ತಿನಲ್ಲೇ ಅವರೂ ನಿಮಗೆ ಮಾಡುತ್ತಿದ್ದಿರಬೇಕು. ಇಬ್ಬರೂ ಒಟ್ಟಿಗೆ ಕರೆ ಮಾಡಿದರೆ ಸಾಮಾನ್ಯವಾಗಿ ಇಬ್ಬರಿಗೂ ಬಿಜಿ ಎಂದೇ ಕೇಳಿಸುತ್ತದೆ. ಇಬ್ಬರಲ್ಲಿ ಒಬ್ಬರು ಸುಮ್ಮನಿದ್ದಿದ್ದರೆ ಅರ್ಧ ನಿಮಿಷದಲ್ಲಿ ಮಾತು ಮುಂದುವರಿಯುತ್ತಿತ್ತು.

ಮಾಮೂಲಿ ಫೋನ್ ಕರೆಯಾದರೆ ಮೊದಲು ಕರೆ ಮಾಡಿದವರೇ ಮತ್ತೆ ಮಾಡುವುದು ರೂಢಿ. ಆದ್ದರಿಂದ ನೀವು ಎರಡು ನಿಮಿಷ ಕಾಯಿರಿ, ಆಮೇಲೂ ಬರದಿದ್ದರೆ ಒಮ್ಮೆ ನೀವೇ ಮಾಡಿ. ಲಿಂಕ್ ಕೊಟ್ಟು ನಡೆಸುವ ವೀಡಿಯೊ ಸಂದರ್ಶನದಲ್ಲಿ ಇದು ತಿರುಗುಮುರುಗು. ಅಲ್ಲಿ ಅವರು ಕೂತಲ್ಲೇ ಇರುತ್ತಾರೆ, ಹೊರಗೆ ಬಿದ್ದವರು ನೀವು. ಅದೇ ಲಿಂಕಿನ ಮೂಲಕ ಕೂಡಲೇ ಒಳಗೆ ಹೋಗಬೇಕಾದವರೂ ನೀವೇ.

ಆದರೆ ರೂಢಿಯನ್ನು ನಂಬಿ ಕೂರುವುದಕ್ಕಿಂತ ಮೊದಲ ನಿಮಿಷದಲ್ಲೇ ಮಾತಾಡಿಕೊಳ್ಳುವುದು ಮೇಲು. ನಮಸ್ಕಾರದ ಬೆನ್ನಿಗೇ ಹೀಗೆ ಹೇಳಿ: “ಮೇಡಂ, ಇಲ್ಲಿ ನೆಟ್‌ವರ್ಕ್ ಸ್ವಲ್ಪ ದುರ್ಬಲವಾಗಿದೆ. ಕಡಿದುಹೋದರೆ ಇದೇ ಲಿಂಕಿಗೆ ಮರಳಿ ಬರುತ್ತೇನೆ. ಎರಡು ನಿಮಿಷದಲ್ಲಿ ಬರಲಾಗದಿದ್ದರೆ ದಯವಿಟ್ಟು ನನ್ನ ಮೊಬೈಲಿಗೆ ಮಾಮೂಲಿ ಕರೆ ಮಾಡುತ್ತೀರಾ? ನನ್ನ ನಂಬರ್ ಅರ್ಜಿಯಲ್ಲಿದೆ. ನಿಮ್ಮದನ್ನೂ ಕೊಟ್ಟರೆ ಬರೆದುಕೊಳ್ಳುತ್ತೇನೆ.” ಇಷ್ಟಕ್ಕೆ ಕಾಲು ನಿಮಿಷ ಸಾಕು. ಇದರಲ್ಲಿ ಕ್ಷಮೆ ಕೇಳುವಂಥದ್ದೇನೂ ಇಲ್ಲ, ಕೇಳಲೂ ಬೇಡಿ. ಮೇಜಿನ ಆಚೆ ಬದಿಯಲ್ಲಿ ಕೂತು ಪ್ರಶ್ನೆ ಕೇಳಿದವನಾಗಿ ಹೇಳುತ್ತೇನೆ: ಐದು ಸಲ ‘ಸಾರಿ’ ಎಂದವರಿಗಿಂತ ಹೀಗೆ ಏರ್ಪಾಟು ಮಾಡಿಕೊಂಡು ಬಂದವರ ಜೊತೆ ಮಾತಾಡುವುದು ನಿರಾಳ.

ಇನ್ನು ಕರೆ ಕಡಿಯುವುದೇಕೆ ಎಂಬುದನ್ನು ಅರಿತರೆ ಅರ್ಧ ತೊಂದರೆಯನ್ನು ತಡೆಯಬಹುದು. ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ನಿಮ್ಮತ್ತ ಸಂಕೇತ ಕಳಿಸುತ್ತದೆ. ನಿಮ್ಮ ಫೋನ್ ಟವರಿನತ್ತ ಕಳಿಸುವಾಗ ಅದರ ಶಕ್ತಿ ಸಾಮಾನ್ಯವಾಗಿ ಹೆಚ್ಚೆಂದರೆ ವ್ಯಾಟಿನ ಐದನೇ ಒಂದು ಭಾಗ. ಹೀಗಾಗಿ ನೆಟ್‌ವರ್ಕ್ ಕುಗ್ಗಿದಾಗ ಮೊದಲು ಸೋಲುವುದು ನಿಮ್ಮಿಂದ ಹೊರಡುವ ದಾರಿ. ನಿಮಗೆ ಅವರ ಮಾತು ಸ್ಪಷ್ಟವಾಗಿ ಕೇಳಿಸುತ್ತಿರುತ್ತದೆ, ಎಲ್ಲವೂ ಸರಿಯಿದೆ ಎಂದುಕೊಂಡು ನೀವು ಉತ್ತರಿಸುತ್ತಲೇ ಇರುತ್ತೀರಿ. ಅತ್ತ ಅವರಿಗೆ ಕಾಣುವುದು ಅರೆಬಾಯಿ ತೆರೆದು ನಿಂತ ನಿಮ್ಮ ಚಿತ್ರ ಮಾತ್ರ. “ಹಲೋ, ಕೇಳಿಸುತ್ತಿದೆಯೇ?” ಎಂದು ಅವರು ಕೇಳುವುದು ನಿಮಗೆ ಚೆನ್ನಾಗಿ ಕೇಳಿಸಿತೆಂದರೆ, ಕೆಟ್ಟಿರುವುದು ನಿಮ್ಮ ಅಪ್‌ಲೋಡ್ ಎಂದೇ ತಿಳಿಯಿರಿ.

ಆದ್ದರಿಂದ ವೇಗ ಪರೀಕ್ಷಿಸುವ ಆ್ಯಪ್ ತೆರೆದಾಗ ದೊಡ್ಡದಾಗಿ ತೋರಿಸುವ ಡೌನ್‌ಲೋಡ್ ಸಂಖ್ಯೆಯನ್ನು ಕಂಡು ಹಿಗ್ಗಬೇಡಿ, ಅಪ್‌ಲೋಡ್ ನೋಡಿ. ಸಂದರ್ಶನ ಬೆಳಿಗ್ಗೆ 11ಕ್ಕಿದ್ದರೆ ಹಿಂದಿನ ಎರಡು ದಿನ ಅದೇ ಹೊತ್ತಿಗೆ, ನೀವು ಕೂರುವ ಜಾಗದಲ್ಲೇ ಮೂರು ಮೂರು ಸಲ ಪರೀಕ್ಷಿಸಿ. ಟವರಿನ ಮೇಲಿನ ಹೊರೆ ಹೊತ್ತಿನಿಂದ ಹೊತ್ತಿಗೆ ಬದಲಾಗುವುದರಿಂದ ರಾತ್ರಿಯ ಪರೀಕ್ಷೆ ಬೆಳಗಿನ ಸಂದರ್ಶನಕ್ಕೆ ಉಪಯೋಗಕ್ಕೆ ಬಾರದು. ನಾನು ಇಟ್ಟುಕೊಂಡಿರುವ ಅಳತೆ ಸರಳ: ಅಪ್‌ಲೋಡ್ ಪ್ರತಿ ಸಲವೂ ಸೆಕೆಂಡಿಗೆ 1.5 ಮೆಗಾಬಿಟ್ ದಾಟಿದರೆ ವೀಡಿಯೊ ಇರಲಿ. ಅರ್ಧ ಮೆಗಾಬಿಟ್ಟಿಗಿಂತ ಕೆಳಗೆ ಹೋಗುತ್ತಿದ್ದರೆ ಮೊದಲು ಮುಖ ತೋರಿಸಿ ನಮಸ್ಕರಿಸಿ, ಬಳಿಕ ಹೇಳಿಯೇ ಕ್ಯಾಮೆರಾ ಆರಿಸಿಬಿಡಿ. ಮಾತಿಗೆ ಸೆಕೆಂಡಿಗೆ 100 ಕಿಲೋಬಿಟ್ ಕೂಡ ಬೇಕಾಗುವುದಿಲ್ಲ. ಅದರ ಹಲವು ಪಟ್ಟು ನುಂಗುವುದು ನಿಮ್ಮ ಚಿತ್ರ.

ಕೂರುವ ಜಾಗದ ಬಗ್ಗೆಯೂ ಒಂದು ಮಾತು. ಗೆರೆಗಳನ್ನು ನಂಬಬೇಡಿ. ಎಷ್ಟು ಸಂಕೇತಕ್ಕೆ ಎಷ್ಟು ಗೆರೆ ಎಂಬುದನ್ನು ಒಂದೊಂದು ತಯಾರಕರು ಒಂದೊಂದು ಬಗೆಯಲ್ಲಿ ತೀರ್ಮಾನಿಸುತ್ತಾರೆ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್ ಒಳಗೆ `About phone`, ಅದರೊಳಗೆ `SIM status` ತೆರೆದರೆ `dBm` ಎಂಬ ಅಳತೆಯಲ್ಲಿ ನಿಜವಾದ ಸಂಖ್ಯೆ ಸಿಗುತ್ತದೆ. ಅದು ಋಣ ಸಂಖ್ಯೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ -90 ಇದ್ದರೆ ಚಿಂತೆಯಿಲ್ಲ, -110ಕ್ಕಿಂತ ಕೆಳಗಿಳಿದರೆ ಕರೆ ಕಡಿಯುವ ಭಯ ಇದ್ದೇ ಇದೆ. ಸಂಖ್ಯೆ ಸೊನ್ನೆಯತ್ತ ಹತ್ತರಷ್ಟು ಸರಿದರೆ ಸಂಕೇತದ ಶಕ್ತಿ ಹತ್ತು ಪಟ್ಟು ಹೆಚ್ಚಾದಂತೆ. ಕೋಣೆಯ ಒಳಮೂಲೆಯಲ್ಲಿ -112 ತೋರಿಸುವ ಫೋನ್ ಕಿಟಕಿಯ ಹತ್ತಿರ -100 ತೋರಿಸುವುದು ಅಪರೂಪವೇನಲ್ಲ. ಕಿಟಕಿಯ ಬಳಿ ನೀವೇ ಹೋಗಿ ಬಿಸಿಲಿಗೆ ಮುಖವೊಡ್ಡಿ ಕೂರಬೇಕಿಲ್ಲ. ಇನ್ನೊಂದು ಫೋನ್ ಅಥವಾ ಲ್ಯಾಪ್‌ಟಾಪ್ ಇದ್ದರೆ ಸಿಮ್ ಇರುವ ಫೋನನ್ನು ಹಾಟ್‌ಸ್ಪಾಟ್ ಮಾಡಿ ಕಿಟಕಿಯ ಮೇಲಿಟ್ಟು, ಚಾರ್ಜರ್ ಸಿಕ್ಕಿಸಿ, ನೀವು ಒಳಗೆ ನೆರಳಿನಲ್ಲಿ ಕೂರಬಹುದು. ಚಾರ್ಜರ್ ಬೇಕೇ ಬೇಕು. ಸಂಕೇತ ದುರ್ಬಲವಾದಷ್ಟೂ ಫೋನ್ ಹೆಚ್ಚು ಶಕ್ತಿ ಹಾಕಿ ಕೂಗಬೇಕಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಲ್ಯಾಪ್‌ಟಾಪ್ ಆದರೆ ಅದರ ಅಪ್‌ಡೇಟುಗಳನ್ನೂ ಫೋಟೊಗಳ ಬ್ಯಾಕಪ್ಪನ್ನೂ ಮೊದಲೇ ತಡೆಹಿಡಿಯಿರಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ವೀಡಿಯೊ ಆ್ಯಪ್ ಕೈಕೊಟ್ಟ ಜಾಗದಲ್ಲೇ ಮಾಮೂಲಿ ಫೋನ್ ಕರೆ ಎಷ್ಟೋ ಸಲ ಕಡಿಯದೆ ಉಳಿಯುತ್ತದೆ. 4ಜಿಯಲ್ಲಿ ಮಾಮೂಲಿ ಕರೆ ಸಾಗುವುದು ವೋಲ್ಟಿ ಎಂಬ ವ್ಯವಸ್ಥೆಯಲ್ಲಿ, ಅದರ ಮಾತಿಗೆ ನೆಟ್‌ವರ್ಕ್ ಬೇರೆಯೇ ದಾರಿ ಬಿಟ್ಟು, ಮೊದಲ ಆದ್ಯತೆ ಕೊಡುತ್ತದೆ. ಆ್ಯಪಿನಲ್ಲಿ ಆಡುವ ಮಾತು ಎಲ್ಲರ ಡೇಟಾ ಜೊತೆ ಗುಂಪಿನಲ್ಲಿ ನುಗ್ಗಬೇಕು. ಆದ್ದರಿಂದ ಆಮಂತ್ರಣದ ಇಮೇಲನ್ನು ಕೆಳಗಿನವರೆಗೂ ಓದಿ. ಜೂಮ್, ಮೀಟ್, ಟೀಮ್ಸ್ ಆಮಂತ್ರಣಗಳಲ್ಲಿ ಕೆಲವೊಮ್ಮೆ ಒಂದು ಫೋನ್ ನಂಬರ್ ಮತ್ತು ಪಿನ್ ಇರುತ್ತದೆ. ಅದಕ್ಕೆ ಕರೆ ಮಾಡಿ ಪಿನ್ ಒತ್ತಿದರೆ ಡೇಟಾ ಇಲ್ಲದೆಯೇ ಅದೇ ಸಭೆಗೆ ಸೇರಬಹುದು. ಮೈಕ್ ಮುಚ್ಚಿದ್ದರೆ ಈ ಮೂರರಲ್ಲೂ `*6` ಒತ್ತಿ ತೆರೆಯಬೇಕು. ನಂಬರ್ ಇದ್ದರೆ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಇಂಟರ್ನೆಟ್ ಹೋದಾಗ ಇಮೇಲ್ ತೆರೆಯುವುದಿಲ್ಲ.

ಇದರಲ್ಲೊಂದು ಹೊಂಡವಿದೆ, ನಾನೇ ಬಿದ್ದದ್ದು. ಬೇರೆಯವರ ಕರೆ ಬಂದು ಅಡ್ಡಿಯಾಗದಿರಲಿ ಎಂದು ‘ತೊಂದರೆ ಕೊಡಬೇಡಿ’ ಆಯ್ಕೆ ಹಾಕಿಕೊಂಡಿದ್ದೆ. ವೀಡಿಯೊ ಕಡಿಯಿತು. ಅವರು ಪಾಪ ಮೂರು ಸಲ ಕರೆ ಮಾಡಿದ್ದಾರೆ, ನನ್ನ ಫೋನ್ ಸದ್ದೇ ಮಾಡಲಿಲ್ಲ. ಪರಿಚಿತರಲ್ಲದ ನಂಬರುಗಳನ್ನು ತಡೆಯುವ ಆಯ್ಕೆಯೂ ಹೀಗೆಯೇ ಮಾಡುತ್ತದೆ. ಅವರ ನಂಬರ್ ಗೊತ್ತಿದ್ದರೆ ಉಳಿಸಿಕೊಂಡು ಅದಕ್ಕೊಂದಕ್ಕೆ ಅನುಮತಿ ಕೊಡಿ. ಗೊತ್ತಿಲ್ಲದಿದ್ದರೆ ಎರಡೂ ಆಯ್ಕೆಗಳನ್ನು ತೆಗೆದುಬಿಡಿ.

ಇಷ್ಟೆಲ್ಲ ಮಾಡಿದ ಮೇಲೂ ಕಡಿಯಿತು ಎನ್ನಿ. ಹದಿನೇಳನೆಯ ನಿಮಿಷ. ಹಿಂದಿನ ಕೆಲಸದಲ್ಲಿ ದಾಸ್ತಾನಿನ ಲೆಕ್ಕ ತಾಳೆಯಾಗದಿದ್ದಾಗ ಏನು ಮಾಡಿದಿರಿ ಎಂದು ಕೇಳಿದ್ದಾರೆ, ನೀವು ಅರ್ಧ ಹೇಳಿದ್ದೀರಿ. ಪರದೆಯ ಮೇಲೆ ಮರುಸಂಪರ್ಕ ಎಂಬ ಚಕ್ರ ಸುತ್ತತೊಡಗಿತು. ಮೊದಲು ಮಾಡಬೇಕಾದದ್ದು ಫೋನಿನಲ್ಲಲ್ಲ, ಕಾಗದದಲ್ಲಿ: “ದಾಸ್ತಾನು, ಎರಡನೇ ಸಲ ಎಣಿಕೆ” ಎಂದು ಎಲ್ಲಿ ನಿಂತಿದ್ದೀರಿ ಎಂಬುದನ್ನು ಗೀಚಿಕೊಳ್ಳಿ. ಸುಮಾರು ಇಪ್ಪತ್ತು ಸೆಕೆಂಡು ಆ್ಯಪಿಗೆ ಬಿಡಿ, ಎಷ್ಟೋ ಸಲ ತಾನೇ ಚೇತರಿಸಿಕೊಳ್ಳುತ್ತದೆ. ಆಗಲಿಲ್ಲವೆಂದರೆ ಹೊರಬಂದು ಅದೇ ಲಿಂಕ್ ಒತ್ತಿ, ಈ ಸಲ ಕ್ಯಾಮೆರಾ ಆರಿಸಿಯೇ ಸೇರಿ. ಮತ್ತೆ ಕಾಯುವ ಕೋಣೆಗೆ ಬಿದ್ದರೆ ಅವರು ಗಮನಿಸದೆಯೂ ಇರಬಹುದು. ಆದ್ದರಿಂದ ಒಂದು ನಿಮಿಷವಾಗುವಷ್ಟರಲ್ಲಿ ಎಸ್ಎಂಎಸ್ ಕಳಿಸಿ: “ಕರೆ ಕಡಿಯಿತು, ಲಿಂಕಿನಲ್ಲಿ ಮರಳಿ ಸೇರುತ್ತಿದ್ದೇನೆ, ಈ ನಂಬರಿಗೂ ಕರೆ ಮಾಡಬಹುದು.” ಇಂಥಲ್ಲಿ ವಾಟ್ಸ್ಆ್ಯಪ್ ನೆಚ್ಚಬೇಡಿ, ಅದಕ್ಕೆ ಡೇಟಾ ಬೇಕು. ಎಸ್ಎಂಎಸ್ ಬಹಳ ಸಣ್ಣದು, ಡೇಟಾ ಸತ್ತಿದ್ದರೂ ನುಸುಳಿಕೊಂಡು ಹೋಗುತ್ತದೆ. ಮೊದಲೇ ಬರೆದು ಡ್ರಾಫ್ಟಿನಲ್ಲಿ ಇಟ್ಟಿರಬೇಕು, ನಡುಗುವ ಬೆರಳಿನಲ್ಲಿ ಬರೆಯುವಂಥದ್ದಲ್ಲ.

ಏರೋಪ್ಲೇನ್ ಮೋಡ್ ಹಾಕಿ ತೆಗೆಯುವ ಉಪಾಯ ಎಲ್ಲರಿಗೂ ಗೊತ್ತು. ಫೋನ್ ಹೊಸದಾಗಿ ಟವರ್ ಹುಡುಕುವುದರಿಂದ ಅದು ಕೆಲಸ ಮಾಡುವುದೂ ಉಂಟು. ಮಾಡುವುದಾದರೆ ಎಸ್ಎಂಎಸ್ ಹೋದ ಕೂಡಲೇ, ಒಂದೇ ಸಲ, ಹತ್ತು ಸೆಕೆಂಡು. ಎರಡು ನಿಮಿಷ ಕಳೆದ ಮೇಲೆ ಬೇಡ, ಆಗ ಅವರು ಕರೆ ಮಾಡುತ್ತಿರುತ್ತಾರೆ, ನೀವು ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ಅವರಿಗೆ ಕೇಳಿಸುತ್ತದೆ.

ಮಾತು ಮತ್ತೆ ಕೂಡಿದಾಗ ನೆಟ್‌ವರ್ಕಿನ ಕಥೆ ಬೇಡ, ಮೊದಲಿನಿಂದ ಶುರು ಮಾಡುವುದೂ ಬೇಡ. “ದಾಸ್ತಾನನ್ನು ಎರಡನೇ ಸಲ ಎಣಿಸಿದ ವಿಷಯ ಹೇಳುತ್ತಿದ್ದೆ. ಅದು ನಿಮಗೆ ಕೇಳಿಸಿತ್ತೇ?” ಎಂದು ಕೇಳಿ. ನಿಮ್ಮ ಕೊನೆಯ ನಾಲ್ಕು ಮಾತು ಅವರಿಗೆ ಮುಟ್ಟಿರುವುದಿಲ್ಲ, ಏಕೆಂದರೆ ನಿಮ್ಮ ಅಪ್‌ಲೋಡ್ ಕರೆ ಕಡಿಯುವ ಮೊದಲೇ ಸತ್ತಿರುತ್ತದೆ. ಇದೇ ಕಾರಣಕ್ಕೆ ಇಂಥ ನೆಟ್‌ವರ್ಕಿನಲ್ಲಿ ಮೂರು ನಿಮಿಷದ ಉತ್ತರವನ್ನು ಒಂದೇ ಉಸಿರಿಗೆ ಹೇಳಬಾರದು. ನಲವತ್ತು ಸೆಕೆಂಡಿನಷ್ಟು ಹೇಳಿ ನಿಲ್ಲಿಸಿ, ಅವರ ‘ಹೂಂ’ ಕೇಳಿಸಿದ ಮೇಲೆ ಮುಂದಿನದು. ಪ್ರಶ್ನೆ ಮುಗಿದ ಮೇಲೂ ಎರಡು ಎಣಿಸಿ ಬಾಯಿ ತೆರೆಯಿರಿ. ಮಾತು ತಡವಾಗಿ ತಲುಪುವಾಗ ಇಬ್ಬರೂ ಒಬ್ಬರ ಮೇಲೊಬ್ಬರು ಮಾತಾಡುವುದು ಅಲ್ಲಿಂದಲೇ ಶುರುವಾಗುತ್ತದೆ.

ಎರಡನೇ ಸಲ ಕಡಿದರೆ ವೀಡಿಯೊ ಆಸೆ ಬಿಡಿ, ಉಳಿದದ್ದನ್ನು ಮಾಮೂಲಿ ಕರೆಯಲ್ಲಿ ಮುಗಿಸೋಣವೇ ಎಂದು ನೀವೇ ಕೇಳಿ. ಫೋನ್ ಕರೆಯೂ ಕಡಿಯುತ್ತಲೇ ಇದ್ದರೆ ಇನ್ನೊಂದು ದಿನ ಕೇಳುವುದೇ ಸರಿ, ಅದೂ ಬರಿಗೈಯಲ್ಲಲ್ಲ: ಯಾವ ದಿನ, ಎಷ್ಟು ಹೊತ್ತಿಗೆ, ಈ ಸಲ ಯಾವ ಜಾಗದಿಂದ ಮಾತಾಡುತ್ತೀರಿ ಎಂಬುದನ್ನು ಸೇರಿಸಿ ಹೇಳಿ. ಕಡಿದುಹೋದ ಉತ್ತರ ಅರ್ಧಕ್ಕೇ ಉಳಿದಿದ್ದರೆ ಅದನ್ನು ಅಂದೇ ನಾಲ್ಕು ಸಾಲಿನ ಇಮೇಲಿನಲ್ಲಿ ಬರೆದು ಕಳಿಸಿಬಿಡಿ.