ನೂರಾರು ಸರಕಿನ ಅಂಗಡಿಗೆ ಬ್ರೇಕ್-ಈವನ್ ಲೆಕ್ಕ ಹಾಕುವುದು ಹೇಗೆ?

ಸಾಲಕ್ಕೆಂದೋ ಪಾಲುದಾರರಿಗೆಂದೋ ಬರೆದ ಅಂಗಡಿ ಯೋಜನೆಗಳನ್ನು ಓದುವುದು ನನ್ನ ಕೆಲಸದ ಒಂದು ಭಾಗ. ಬಹುತೇಕ ಯೋಜನೆಗಳಲ್ಲಿ ಬ್ರೇಕ್-ಈವನ್ ಎಂಬ ಶೀರ್ಷಿಕೆಯಡಿ ಒಂದೇ ಒಂದು ಸೂತ್ರ, ಅದರ ಕೆಳಗೆ ಒಂದು ಸಂಖ್ಯೆ ಇರುತ್ತದೆ. ಸ್ಥಿರ ವೆಚ್ಚವನ್ನು ಒಂದು ವಸ್ತುವಿನಿಂದ ಸಿಗುವ ಉಳಿಕೆಯಿಂದ ಭಾಗಿಸಿ ಎನ್ನುವ ಸೂತ್ರ ಅದು. ಒಂದೇ ಮಾದರಿಯ ಕುರ್ಚಿ ತಯಾರಿಸುವವರಿಗೆ ಅದು ಸರಿ. ಪೆನ್ಸಿಲ್‌ನಿಂದ ಹಿಡಿದು ಬ್ಯಾಗಿನವರೆಗೆ ನೂರಾರು ಬಗೆಯ ಸರಕು ಇಟ್ಟ ಸ್ಟೇಷನರಿ ಅಂಗಡಿಯಲ್ಲಿ 'ಒಂದು ವಸ್ತು' ಎಂದರೆ ಯಾವುದು?

ಹಾಗಾಗಿ ಚಿಲ್ಲರೆ ಅಂಗಡಿಗೆ ವಸ್ತುಗಳ ಎಣಿಕೆ ಬಿಟ್ಟು, ಮಾರಾಟದ ಪ್ರತಿ ನೂರರಲ್ಲಿ ಎಷ್ಟು ಉಳಿಯುತ್ತದೆ ಎಂದು ನೋಡಬೇಕು. ತಿಂಗಳ ಸ್ಥಿರ ವೆಚ್ಚವನ್ನು ಆ ಶೇಕಡಾವಾರಿನಿಂದ ಭಾಗಿಸಿದರೆ ಲಾಭವೂ ಇಲ್ಲದ, ನಷ್ಟವೂ ಇಲ್ಲದ ಮಾರಾಟದ ಮೊತ್ತ ಸಿಗುತ್ತದೆ. ಗಣಿತ ಇಷ್ಟೇ. ಕಷ್ಟವಿರುವುದು ಆ ಎರಡು ಅಂಕಿಗಳನ್ನು ಪ್ರಾಮಾಣಿಕವಾಗಿ ಹುಡುಕುವುದರಲ್ಲಿ.

ಮೊದಲು ಸ್ಥಿರ ವೆಚ್ಚ. ಒಂದೇ ಒಂದು ಬಿಲ್ ಆಗದಿದ್ದರೂ ಕೊಡಲೇಬೇಕಾದದ್ದು ಇದು. ನಮ್ಮ ಉದಾಹರಣೆಯ ಸ್ಟೇಷನರಿ ಅಂಗಡಿಗೆ ತಿಂಗಳಿಗೆ ಬಾಡಿಗೆ 22,000, ಸಹಾಯಕರ ಸಂಬಳ 14,000, ವಿದ್ಯುತ್ ಮತ್ತು ಫೋನಿನಂಥ ಖರ್ಚು 5,000, ಸಾಲದ ಬಡ್ಡಿ 3,000, ಕಪಾಟು ಮತ್ತು ಕಂಪ್ಯೂಟರಿನ ಸವಕಳಿ 2,000 ಎಂದಿಟ್ಟುಕೊಳ್ಳೋಣ. ಹೆಚ್ಚಿನವರು ಇಲ್ಲಿಗೇ ಕೂಡಿಸಿ 46,000 ಎಂದು ಬರೆದುಬಿಡುತ್ತಾರೆ. ಆದರೆ ಬೆಳಗಿನಿಂದ ಸಂಜೆಯವರೆಗೆ ಗಲ್ಲಾದಲ್ಲಿ ಕೂರುವ ಮಾಲೀಕರ ಮನೆ ನಡೆಯುವುದು ಯಾವ ಹಣದಿಂದ? ಅದನ್ನು ಬರೆಯದಿದ್ದರೂ ಅದು ಗಲ್ಲಾದಿಂದಲೇ ಹೋಗುತ್ತದೆ. ಆದ್ದರಿಂದ ಮಾಲೀಕರ ಸಂಬಳವೆಂದು 14,000 ಸೇರಿಸಿ 60,000 ಮಾಡುವುದು ನನ್ನ ಪದ್ಧತಿ. ಲಾಭ ಬಂದ ಮೇಲೆ ತೆಗೆದುಕೊಳ್ಳುತ್ತೇನೆ ಎನ್ನುವವರ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಎರಡನೆಯದು ಉಳಿಕೆಯ ಶೇಕಡಾವಾರು. ಅತಿ ಹೆಚ್ಚು ಎಡವಟ್ಟಾಗುವುದು ಇಲ್ಲೇ. 80ಕ್ಕೆ ತಂದದ್ದನ್ನು 100ಕ್ಕೆ ಮಾರಿದರೆ 20 ಉಳಿಯುತ್ತದೆ. ಕೊಂಡ ಬೆಲೆಯ ಮೇಲೆ ಲೆಕ್ಕ ಹಾಕಿದರೆ ಅದು ಶೇ. 25, ಮಾರಿದ ಬೆಲೆಯ ಮೇಲೆ ಹಾಕಿದರೆ ಶೇ. 20. ವ್ಯಾಪಾರಿಗಳ ಬಾಯಲ್ಲಿ ಬರುವುದು ಸಾಮಾನ್ಯವಾಗಿ ಮೊದಲನೆಯದು, ಏಕೆಂದರೆ ಅವರು ಬೆಲೆ ಕಟ್ಟುವುದೇ ಹಾಗೆ. ಬ್ರೇಕ್-ಈವನ್‌ಗೆ ಬೇಕಾದದ್ದು ಎರಡನೆಯದು. 60,000ವನ್ನು ಶೇ. 25ರಿಂದ ಭಾಗಿಸಿದರೆ 2,40,000 ಮಾರಿದರೆ ಸಾಕು ಎಂದು ಬರುತ್ತದೆ, ಶೇ. 20ರಿಂದ ಭಾಗಿಸಿದರೆ 3,00,000 ಬೇಕು ಎಂದು ಬರುತ್ತದೆ. ಮೊದಲನೆಯದನ್ನು ನಂಬಿ 2,40,000 ಮಾರಿದವರ ಕೈಗೆ ನಿಜಕ್ಕೂ ಉಳಿಯುವುದು 48,000. ಅಂದರೆ ಗುರಿ ಮುಟ್ಟಿದ ತಿಂಗಳಲ್ಲೇ 12,000 ನಷ್ಟ.

ನಮ್ಮ ಅಂಗಡಿಯ ಎಲ್ಲ ಸರಕಿನ ಮೇಲೂ ಒಂದೇ ಮಾರ್ಜಿನ್, ಅಂದರೆ ಮಾರಿದ ಬೆಲೆಯ ಮೇಲಿನ ಉಳಿಕೆ, ಇಲ್ಲ. ಹಾಗೆಂದು ಪ್ರತಿಯೊಂದು ವಸ್ತುವನ್ನೂ ಬರೆಯುವ ಅಗತ್ಯವಿಲ್ಲ, ಮೂರು ಗುಂಪು ಸಾಕು. ನೋಟ್‌ಬುಕ್ ಮತ್ತು ಕಾಗದ ಮಾರಾಟದ ಅರ್ಧ, ಅದರ ಮೇಲಿನ ಮಾರ್ಜಿನ್ ಶೇ. 15. ಪೆನ್ನು, ಬಣ್ಣ, ಫೈಲುಗಳು ಶೇ. 30ರಷ್ಟು, ಅವುಗಳ ಮೇಲೆ ಶೇ. 25. ಬ್ಯಾಗು ಮತ್ತು ಉಡುಗೊರೆ ವಸ್ತುಗಳು ಶೇ. 20ರಷ್ಟು, ಅವುಗಳ ಮೇಲೆ ಶೇ. 40. ಈಗ 100ರ ಮಾರಾಟವನ್ನು ಕಣ್ಮುಂದೆ ತಂದುಕೊಳ್ಳಿ. ಕಾಗದದಿಂದ 7.50, ಪೆನ್ನಿನ ಗುಂಪಿನಿಂದ 7.50, ಬ್ಯಾಗಿನ ಗುಂಪಿನಿಂದ 8, ಒಟ್ಟು 23 ಬಂತು. ಮೂರು ಮಾರ್ಜಿನ್‌ಗಳನ್ನು ಸುಮ್ಮನೆ ಕೂಡಿಸಿ ಮೂರರಿಂದ ಭಾಗಿಸಿದ್ದರೆ ಸುಮಾರು 27 ಬರುತ್ತಿತ್ತು. ಕಡಿಮೆ ಮಾರ್ಜಿನ್ನಿನ ಕಾಗದವೇ ಹೆಚ್ಚು ಮಾರಾಟವಾಗುವುದನ್ನು ಆ ಸರಾಸರಿ ಮುಚ್ಚಿಡುತ್ತದೆ.

ಆ 23ರಲ್ಲೂ ಪೂರ್ತಿ ನಮ್ಮದಲ್ಲ. ಬಿಲ್ಲಿನಲ್ಲಿ ಬಿಡುವ ಚಿಲ್ಲರೆ ರಿಯಾಯಿತಿ, ಮುದುರಿಯೋ ಒಣಗಿಯೋ ಹಾಳಾಗುವ ಸರಕು ಸೇರಿ 2, ಕಾರ್ಡ್ ಪಾವತಿಯ ಶುಲ್ಕ ಮತ್ತು ಕೈಚೀಲದ ಖರ್ಚು 1 ಎಂದು ಕಳೆದರೆ ಉಳಿಯುವುದು 20. ಹೀಗೆ 60,000 ÷ 0.20 = 3,00,000.

ಯೋಜನೆಯಲ್ಲಿ ಈ 3,00,000ವನ್ನು ಬರೆದು ಕೈತೊಳೆದುಕೊಂಡರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಅದು ಸಾಧ್ಯವೋ ಅಲ್ಲವೋ ಎಂದು ಅವರು ಅಂದಾಜು ಮಾಡುವ ರೂಪಕ್ಕೆ ಅದನ್ನು ಇಳಿಸಬೇಕು. ತಿಂಗಳಿಗೆ 26 ದಿನ ಅಂಗಡಿ ತೆರೆದಿದ್ದರೆ ದಿನಕ್ಕೆ ಸುಮಾರು 11,540ರ ವ್ಯಾಪಾರವಾಗಬೇಕು. ಸರಾಸರಿ ಬಿಲ್ 150 ಆದರೆ ಅದು ದಿನಕ್ಕೆ 77 ಬಿಲ್. ಹತ್ತು ಗಂಟೆ ತೆರೆದಿರುವ ಅಂಗಡಿಗೆ ಗಂಟೆಗೆ ಎಂಟು ಗಿರಾಕಿಗಳು ಬಂದು ಕೊಳ್ಳಬೇಕು. ಅಂಥದೇ ಇನ್ನೊಂದು ಅಂಗಡಿಯ ಎದುರು ಒಂದೆರಡು ಗಂಟೆ ನಿಂತು ಎಣಿಸಿದರೆ ಈ ಎಂಟು ಹೆಚ್ಚೋ ಕಡಿಮೆಯೋ ಎನ್ನುವುದು ಗೊತ್ತಾಗುತ್ತದೆ. ಎಣಿಸುವಾಗ ಒಳಹೋದವರನ್ನಲ್ಲ, ಕೈಯಲ್ಲಿ ಸರಕು ಹಿಡಿದು ಹೊರಬಂದವರನ್ನು ಎಣಿಸಿ.

ಇದನ್ನು ಯೋಜನೆಯಲ್ಲಿ ನಾನು ಬರೆಸುವುದು ಹೀಗೆ: "ನಮ್ಮ ತಿಂಗಳ ಸ್ಥಿರ ವೆಚ್ಚ, ಮಾಲೀಕರ ಸಂಬಳವೂ ಸೇರಿ, 60,000. ಪ್ರತಿ 100ರ ಮಾರಾಟದಲ್ಲಿ ಈ ವೆಚ್ಚಕ್ಕೆಂದು ನಮ್ಮ ಬಳಿ 20 ಉಳಿಯುತ್ತದೆ. ಆದ್ದರಿಂದ ತಿಂಗಳಿಗೆ 3,00,000, ಅಂದರೆ ದಿನಕ್ಕೆ 150ರ 77 ಬಿಲ್ ಆದಾಗ ನಮಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅಲ್ಲಿಂದ ಮುಂದಿನ ಪ್ರತಿ 100ರಲ್ಲಿ 20 ಲಾಭ."

ಸಾಲ ಕೊಡುವವರು ಓದುವುದಾದರೆ ಇದರ ಕೆಳಗೆ ಇನ್ನೊಂದು ಸಾಲು ಬೇಕು. ಸಾಲದ ಅಸಲು ವೆಚ್ಚದ ಪಟ್ಟಿಗೆ ಸೇರುವುದಿಲ್ಲ, ಆದರೆ ಕಂತಿನ ದಿನ ಹಣ ಕೈಯಿಂದ ಹೋಗುತ್ತದೆ. ಸವಕಳಿ ಇದರ ತದ್ವಿರುದ್ಧ, ಪಟ್ಟಿಯಲ್ಲಿರುತ್ತದೆ, ಕೈಯಿಂದ ಹೋಗುವುದಿಲ್ಲ. ಅಸಲಿನ ಕಂತು 7,000 ಇದ್ದರೆ 60,000ದಲ್ಲಿ ಸವಕಳಿಯ 2,000 ಕಳೆದು, 7,000 ಕೂಡಿಸಿ, 65,000ವನ್ನು 0.20ರಿಂದ ಭಾಗಿಸಬೇಕು. 3,25,000 ಬರುತ್ತದೆ, ದಿನಕ್ಕೆ 84 ಬಿಲ್. ಲೆಕ್ಕದಲ್ಲಿ ನಷ್ಟವಿಲ್ಲದ ಅಂಗಡಿ ಕಂತು ಕಟ್ಟಲು ಪರದಾಡುವುದು ಈ 77 ಮತ್ತು 84ರ ನಡುವೆ.

ಅಂಗಡಿ ತೆರೆದ ಮೇಲೆ ಈ ಅಂಕಿಗಳಲ್ಲಿ ಮೊದಲು ಹದ ತಪ್ಪುವುದು ಆ ಶೇ. 20. ಅದನ್ನು ಪರೀಕ್ಷಿಸಲು ತಿಂಗಳ ಕೊನೆಗೆ ದಾಸ್ತಾನು ಎಣಿಸಲೇಬೇಕು. ಖರೀದಿಯ ಬಿಲ್‌ಗಳನ್ನಷ್ಟೇ ಮಾರಾಟದಿಂದ ಕಳೆದರೆ ಕಪಾಟಿನಲ್ಲಿ ಉಳಿದ ಸರಕೂ ಮಾರಾಟವಾಯಿತೆಂದು ಲೆಕ್ಕವಾಗುತ್ತದೆ. ತಿಂಗಳ ಆರಂಭದಲ್ಲಿ ಕೊಂಡ ಬೆಲೆಯಲ್ಲಿ 4,00,000ದ ಸರಕಿತ್ತು, 2,66,000ದ ಸರಕು ತಂದರು, ಕೊನೆಗೆ 4,20,000ದ್ದು ಉಳಿಯಿತು ಎಂದರೆ ಮಾರಿದ ಸರಕಿನ ಅಸಲು 2,46,000. ಮಾರಾಟ 3,00,000 ಇದ್ದರೆ ಉಳಿದದ್ದು 54,000, ಶೇ. 18. ರಿಯಾಯಿತಿ ಮತ್ತು ಹಾಳಾದ ಸರಕು ಈ ಎಣಿಕೆಯೊಳಗೇ ಬಂದುಬಿಡುವುದರಿಂದ ನಾವು ನಿರೀಕ್ಷಿಸಿದ್ದು ಶೇ. 21. ಕಾರ್ಡ್ ಶುಲ್ಕ ಮತ್ತು ಕೈಚೀಲದ 3,000 ಕಳೆದರೆ ಕೈಯಲ್ಲಿರುವುದು 51,000. ಬ್ರೇಕ್-ಈವನ್ ಮಾರಾಟ ಮುಟ್ಟಿಯೂ 9,000 ನಷ್ಟ.

ಕಾರಣ ಹುಡುಕಲು ಗುಂಪುವಾರು ಮಾರಾಟ ನೋಡಿ. ಶಾಲೆ ಶುರುವಾಗುವ ತಿಂಗಳಲ್ಲಿ ನೋಟ್‌ಬುಕ್ಕಿನ ಪಾಲು ಅರ್ಧದಿಂದ ಶೇ. 70ಕ್ಕೆ ಏರಿ, ಉಳಿದೆರಡು ಗುಂಪು ಶೇ. 20 ಮತ್ತು 10ಕ್ಕೆ ಇಳಿದರೆ, 23 ಇದ್ದದ್ದು 19.50 ಆಗುತ್ತದೆ. ಅಂಗಡಿ ತುಂಬ ಜನ, ಆದರೆ 3 ಕಳೆದ ಮೇಲೆ ಬ್ರೇಕ್-ಈವನ್ ಸುಮಾರು 3,64,000. ಗುಂಪುಗಳ ಪಾಲು ಬದಲಾಗಿಲ್ಲದಿದ್ದರೆ ಬೇರೆ ಕಡೆ ಹುಡುಕಬೇಕು: ಸಗಟು ಬೆಲೆ ಏರಿದರೂ ಹಳೆಯ ಬೆಲೆಯ ಚೀಟಿಯೇ ಇದೆಯೇ, ರಿಯಾಯಿತಿ ಕೈಮೀರಿದೆಯೇ, ಸರಕು ಕಾಣೆಯಾಗುತ್ತಿದೆಯೇ. ಯಾವುದೂ ಒಂದೆರಡು ತಿಂಗಳಲ್ಲಿ ಸರಿಹೋಗದಿದ್ದರೆ ಯೋಜನೆಯಲ್ಲಿ ಶೇ. 20 ಹೊಡೆದುಹಾಕಿ ಶೇ. 17 ಬರೆಯಬೇಕು. ಆಗ ಬೇಕಾದ ಮಾರಾಟ ಸುಮಾರು 3,53,000, ದಿನಕ್ಕೆ 91 ಬಿಲ್.