ಆರ್‌ಎಫ್‌ಪಿಯಲ್ಲಿ ಬಜೆಟ್ ಹೇಳಬೇಕಾ, ಬೇಡವಾ?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು 80 ಜನರ ಕಂಪನಿ. ವಾರ್ಷಿಕ ರಿಟ್ರೀಟ್‌ಗೆ ಚಿಕ್ಕಮಗಳೂರು ಅಂದುಕೊಂಡಿದ್ದೇವೆ, ಎರಡು ಹಗಲು, ಒಂದು ರಾತ್ರಿ. ಈವೆಂಟ್ ಪ್ಲಾನರ್‌ಗಳಿಂದ ಪ್ರಸ್ತಾವ, ದರ ಕೇಳಿ ಕಳಿಸುವ ಪತ್ರದಲ್ಲಿ, ಅಂದರೆ ಆರ್‌ಎಫ್‌ಪಿಯಲ್ಲಿ, 12 ಲಕ್ಷ ಬಜೆಟ್ ಅಂತ ಬರೆದರೆ ಎಲ್ಲರೂ 12 ಲಕ್ಷಕ್ಕೇ ಕೊಟೇಶನ್ ಕೊಡುವುದಿಲ್ಲವೇ?

ಉತ್ತರ: ಹೆಚ್ಚಿನವರು ಅದರ ಆಸುಪಾಸಿನಲ್ಲೇ ಕೊಡುತ್ತಾರೆ. ಆದರೂ ಹೇಳಿ. ಮುಚ್ಚಿಟ್ಟರೆ ಒಬ್ಬರು ಹೋಂಸ್ಟೇ ಲೆಕ್ಕ ಹಾಕುತ್ತಾರೆ, ಇನ್ನೊಬ್ಬರು ದುಬಾರಿ ರೆಸಾರ್ಟಿನದು. ಎರಡನ್ನೂ ಹೋಲಿಸುವುದು ಹೇಗೆ? ಮೊತ್ತ ಒಂದೇ ಇದ್ದರೆ, ಅದರಲ್ಲಿ ಯಾರು ಏನೇನು ಕೊಡುತ್ತಾರೆ ಅಂತ ನೋಡಬಹುದು.

ಸುಮ್ನೆ '12 ಲಕ್ಷ' ಅಂತ ಬರೆದರೆ ಮಾತ್ರ ಸಾಲದು. ಈವೆಂಟ್ ಸೇವೆಗೆ 18% ಜಿಎಸ್‌ಟಿ ಇದೆ. ಅದೂ ಸೇರಿ 12 ಲಕ್ಷ ಎಂದರೆ ಪ್ಲಾನರ್ ಕೈಗೆ ಖರ್ಚಿಗೆ ಸಿಗುವುದು ಸುಮಾರು 10.17 ಲಕ್ಷ. ಅವರು 'ತೆರಿಗೆ ಬಿಟ್ಟು' ಎಂದು ತಿಳಿದರೆ ನಿಮಗೆ ಬರುವ ಬಿಲ್ 14.16 ಲಕ್ಷ. ಕೊಟೇಶನ್ ಓದುವಾಗಲೂ ಇದೇ ಎಡವಟ್ಟು. ಒಬ್ಬರು 10.5 ಲಕ್ಷ ಅನ್ನುತ್ತಾರೆ, ಕೊನೆಯಲ್ಲಿ ಸಣ್ಣಕ್ಷರದಲ್ಲಿ 'ತೆರಿಗೆ ಪ್ರತ್ಯೇಕ'. ಇನ್ನೊಬ್ಬರದು ಎಲ್ಲ ಸೇರಿ 11.8 ಲಕ್ಷ. ಅಗ್ಗ ಕಾಣುವ ಮೊದಲನೆಯದು ನಿಜವಾಗಿ 12.39 ಲಕ್ಷ! ಹಾಗಾಗಿ 'ಜಿಎಸ್‌ಟಿ, ಬಸ್ಸು, ರೂಮು, ಊಟ, ಪ್ಲಾನರ್ ಫೀ ಎಲ್ಲ ಸೇರಿ 12 ಲಕ್ಷ' ಅಂತ ಬಿಡಿಸಿ ಬರೆಯಿರಿ. ಫೀ ಎಷ್ಟು ಅಂತ ಬೇರೆ ಸಾಲಿನಲ್ಲಿ ತೋರಿಸಲು ಕೇಳಿ.

ಅಗತ್ಯಗಳನ್ನೂ ಇಷ್ಟೇ ಬಿಡಿಸಿ ಹೇಳಬೇಕು. '80 ಜನ, ಇಬ್ಬರಿಗೊಂದು ರೂಮು' ಅಂದರೆ ಪ್ಲಾನರ್ 40 ರೂಮು ಹಿಡಿಯುತ್ತಾರೆ. ನಿಮ್ಮಲ್ಲಿ 47 ಗಂಡಸರು, 33 ಹೆಂಗಸರು ಇದ್ದರೆ ಬೇಕಾಗುವುದು 24 ಮತ್ತು 17, ಒಟ್ಟು 41. 'ಇಬ್ಬರಿಗೊಂದು' ಅಂತ ಬರೆಯದೇ ಹೋದರೆ ಮೂರನೆಯವರಿಗೆ ನೆಲದ ಮೇಲೆ ಹಾಸಿಗೆ ಹಾಕಿಸಿ ಬೆಲೆ ಇಳಿಸುವವರೂ ಇದ್ದಾರೆ. ಬಸ್ ಡ್ರೈವರ್‌ಗಳ ಊಟ, ಮಲಗುವ ಜಾಗ ಯಾರ ಲೆಕ್ಕ ಅನ್ನುವುದನ್ನೂ ಸೇರಿಸಿ. ಮರುದಿನ ಘಾಟಿ ಸುತ್ತಿನ ರಸ್ತೆಯಲ್ಲಿ ನಿಮ್ಮನ್ನು ಕರೆತರುವವರು ಅವರೇ, ನಿದ್ದೆಗೆಟ್ಟಿರಬಾರದು. ಡಿಜೆ ಬೇಕಿದ್ದರೆ ಒಳಗಿನ ಹಾಲ್ ಕೇಳಿ. ಬಯಲಿನಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ.

ದಿನಾಂಕ ಒಂದೇ ಕೊಡಬೇಡಿ. ಒಂದು ಶನಿವಾರ-ಭಾನುವಾರ, ಒಂದು ಗುರುವಾರ-ಶುಕ್ರವಾರ ಕೊಟ್ಟು, ಎರಡಕ್ಕೂ ದರ ಕೇಳಿ. ವಾರದ ಮಧ್ಯೆ ರೂಮು ಸಾಮಾನ್ಯವಾಗಿ ಅಗ್ಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಜೋರು ಮಳೆ, ಆಗ ಹೋಗುವುದಾದರೆ ಹೊರಗಿನ ಆಟಗಳಿಗೆ ಬದಲಿ ಏನು ಅಂತಲೂ ಕೇಳಿ.

ಕೊನೆಗೆ, ಎಷ್ಟು ಜನಕ್ಕೆ ಖಾತರಿ ಕೊಡುತ್ತೀರಿ ಅನ್ನುವುದು. 80 ಅಂತ ಒಪ್ಪಿಕೊಂಡು 68 ಜನ ಬಂದರೂ ರೆಸಾರ್ಟ್ 80ಕ್ಕೇ ಬಿಲ್ ಮಾಡಬಹುದು. 'ಕನಿಷ್ಠ 70, ಅಂತಿಮ ಸಂಖ್ಯೆ ಏಳು ದಿನ ಮೊದಲು' ಎಂದು ಆರ್‌ಎಫ್‌ಪಿಯಲ್ಲೇ ಬರೆದು, ಒಪ್ಪಿದವರ ಕೊಟೇಶನ್ ಮಾತ್ರ ತೆಗೆದುಕೊಳ್ಳಿ.