ಸಾವಿರ ಲೀಟರ್ ನೀರಿಗೆ ಪಾಲಿಕೆ ಎಷ್ಟು ಖರ್ಚು ಮಾಡುತ್ತದೆ?

ಬಳ್ಳಾರಿಯಂಥ ಊರಿನ ಪಾಲಿಕೆಯಲ್ಲಿ ನೀರು ಸರಬರಾಜಿನ ಬಜೆಟ್ ಅಂದರೆ ಬಾಬ್ತುಗಳ ಪಟ್ಟಿ. ವಾಲ್‌ಮ್ಯಾನ್‌ಗಳ ಸಂಬಳ, ಜೆಸ್ಕಾಂ ಬಿಲ್, ಪಟಿಕ, ಬ್ಲೀಚಿಂಗ್ ಪೌಡರ್, ಪೈಪ್ ರಿಪೇರಿ, ಟ್ಯಾಂಕರ್ ಬಾಡಿಗೆ. ಒಂದೊಂದರ ಎದುರೂ ಹೋದ ವರ್ಷದ ಖರ್ಚು, ಈ ವರ್ಷದ ಪರಿಷ್ಕೃತ ಅಂದಾಜು, ಮುಂದಿನ ವರ್ಷಕ್ಕೆ ಕೇಳಿದ ಮೊತ್ತ. ಇದು ಬಾಬ್ತುವಾರು ಬಜೆಟ್. ದುಡ್ಡು ಯಾವುದಕ್ಕೆ ಹೋಯಿತು ಅನ್ನುವುದು ಇದರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಜನರಿಗೆ ಎಷ್ಟು ನೀರು ಸಿಕ್ಕಿತು ಅನ್ನುವುದು ಗೊತ್ತಾಗುವುದಿಲ್ಲ.

ಒಂದು ಬಡಾವಣೆಯ ಲೆಕ್ಕ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಪೈಪ್ ರಿಪೇರಿಗೆ 20 ಲಕ್ಷ ಇಟ್ಟಿದ್ದರು. ಟೆಂಡರ್ ತಡವಾಗಿ 12 ಲಕ್ಷವಷ್ಟೇ ಖರ್ಚಾಯಿತು. ಉಳಿದ 8 ಲಕ್ಷ ಪುಸ್ತಕದಲ್ಲಿ ಉಳಿತಾಯ. ಅದೇ ವರ್ಷ ಟ್ಯಾಂಕರ್ ಬಾಡಿಗೆ 10 ಲಕ್ಷದಿಂದ 17 ಲಕ್ಷಕ್ಕೆ ಏರಿತು. ಸೋರುವ ಪೈಪ್ ಹಾಗೇ ಬಿಟ್ಟರೆ ಕೊನೆ ಮನೆಗಳಿಗೆ ನೀರು ಏರುವುದಿಲ್ಲ, ಟ್ಯಾಂಕರ್ ಕಳಿಸಲೇಬೇಕು ಅಲ್ವಾ? ಆದರೆ ಎರಡೂ ಬೇರೆ ಬೇರೆ ಬಾಬ್ತು. ಜೋಡಿಸಿ ನೋಡುವವರೇ ಇರುವುದಿಲ್ಲ.

ಖರ್ಚಿಗೆ ಎಷ್ಟು ಸೇವೆ ಸಿಕ್ಕಿತು ಅಂತ ತೋರಿಸುವ ಬಜೆಟ್‌ಗೆ ಸಾಧನಾ ಬಜೆಟ್ ಅನ್ನುತ್ತಾರೆ. ಅದು ಇವನ್ನೆಲ್ಲ ಒಂದೇ ಸೇವೆಯಡಿ ತಂದು ಕೂರಿಸುತ್ತದೆ. ಆ ಬಡಾವಣೆಗೆ ತಿಂಗಳಿಗೆ 1,50,000 ಕಿಲೋಲೀಟರ್ ನೀರು ಬಿಡುತ್ತಾರೆ, ಒಟ್ಟು ಖರ್ಚು 18 ಲಕ್ಷ ಅಂದುಕೊಳ್ಳಿ. ಸಾವಿರ ಲೀಟರ್‌ಗೆ 12 ರೂಪಾಯಿ. ದಾರಿಯಲ್ಲಿ ಶೇ. 40 ಸೋರಿದರೆ ಮನೆ ಸೇರುವುದು 90,000 ಕಿಲೋಲೀಟರ್. ಆಗ 20 ರೂಪಾಯಿ. ಈ 8 ರೂಪಾಯಿಯ ಅಂತರ ಯಾವ ಬಾಬ್ತಿನಲ್ಲೂ ಕಾಣುವುದಿಲ್ಲ. ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2008ರಲ್ಲಿ ಕೊಟ್ಟ ಸೇವಾ ಮಾನದಂಡದಲ್ಲಿ, ಆದಾಯ ತಾರದ ನೀರು, ಅಂದರೆ ಸೋರಿಕೆಯೂ ಸೇರಿ ಬಿಲ್ಲಿಗೆ ಬಾರದ ನೀರು, ಶೇ. 20 ದಾಟಬಾರದು. ಹಾಗಾಗಿ ಸೋರಿಕೆ ಇಳಿಸುವುದೇ ಗುರಿಯಾಗಿ ಬಜೆಟ್‌ನಲ್ಲಿ ಬರಬೇಕು, ರಿಪೇರಿ ದುಡ್ಡನ್ನು ಆ ಗುರಿಗೆ ಕಟ್ಟಬೇಕು.

ತೊಡಕು ಶುರುವಾಗುವುದು ಅಳತೆಯಲ್ಲಿ. ಬಡಾವಣೆಯ ಟ್ಯಾಂಕಿಗೆ ಬಲ್ಕ್ ಮೀಟರ್ ಇಲ್ಲದಿದ್ದರೆ, ಪಂಪ್ ಓಡಿದ ಗಂಟೆಯನ್ನು ಪಂಪಿನ ಮೇಲೆ ಬರೆದ ಸಾಮರ್ಥ್ಯದಿಂದ ಗುಣಿಸಿ ನೀರಿನ ಲೆಕ್ಕ ಬರೆಯುತ್ತಾರೆ. ಹಳೇ ಪಂಪ್ ಅಷ್ಟು ನೀರು ಎತ್ತುವುದೇ ಇಲ್ಲ. ಇನ್ನೊಂದು ಗುರುತು ಹೇಳುತ್ತೇನೆ: ಮಾರ್ಚ್ ಕೊನೆಯ ವರದಿಯಲ್ಲಿ ಭೌತಿಕ ಪ್ರಗತಿ ಶೇ. 92, ಆರ್ಥಿಕ ಪ್ರಗತಿಯೂ ಶೇ. 92 ಅಂತ ಪ್ರತಿ ಕೆಲಸಕ್ಕೂ ಒಂದೇ ಅಂಕಿ ಇದ್ದರೆ, ಸ್ಥಳಕ್ಕೆ ಹೋಗಿ ಯಾರೂ ಅಳೆದಿಲ್ಲ. ಖರ್ಚಿನ ಅಂಕಿಯನ್ನೇ ಸುಮ್ನೆ ಎರಡು ಕಡೆ ಬರೆದಿದ್ದಾರೆ.

ತುಂಗಭದ್ರಾ ಕಾಲುವೆ ಬೇಸಿಗೆಯಲ್ಲಿ ನಿಂತು, ಬಳ್ಳಾರಿಗೆ ನೀರು ಕೊಡುವ ಅಲ್ಲಿಪುರ ಕೆರೆಯ ಸಂಗ್ರಹ ಇಳಿದಾಗ ಸರಬರಾಜು ಕುಗ್ಗಿದರೆ, ಅದನ್ನು ಎಂಜಿನಿಯರ್ ತಲೆಗೆ ಕಟ್ಟುವುದು ಅನ್ಯಾಯ. ಆ ತಿಂಗಳುಗಳಿಗೆ ಗುರಿಯೇ ಬೇರೆ ಇರಬೇಕು.

ಬಾಬ್ತುವಾರು ಪಟ್ಟಿಯನ್ನು ಕೈಬಿಡಿ ಅಂತ ನಾನು ಹೇಳುತ್ತಿಲ್ಲ. ಸಂಬಳದ ದುಡ್ಡು ಸಂಬಳಕ್ಕೇ ಹೋಯಿತೇ ಅಂತ ಆಡಿಟರ್ ನೋಡುವುದು ಅದರಲ್ಲೇ. ಅದು ಇರಲಿ, ಪಕ್ಕದಲ್ಲಿ ಸೇವೆಗೊಂದು ಪುಟ ಸೇರಲಿ. ಮೊದಲು ಮೀಟರ್ ಇರುವ ಎರಡು ಮೂರು ಟ್ಯಾಂಕ್‌ಗಳಿಗೆ ಮಾಡಿದರೂ ಸಾಕು. ಮೀಟರ್ ಓದಿದ ಪುಸ್ತಕ ಮಾತ್ರ ಲೆಕ್ಕ ಶಾಖೆಗೆ ಪ್ರತಿ ತಿಂಗಳು ಬರಬೇಕು.